ಕಾಫಿ ಮಾರಿದ ದುಡ್ಡು: ಷೇರಿಗೆಷ್ಟು, ಬಾಂಡಿಗೆಷ್ಟು?

ಮಾರ್ಚ್ ಕೊನೆಯ ವಾರ ಪೊನ್ನಂಪೇಟೆ ಕಡೆಯ ಟೀಚರೊಬ್ಬರು ನಮ್ಮ ಮನೆಗೆ ಬಂದಿದ್ದರು. ಶಾಲೆಯ ಕೆಲಸದ ಜೊತೆಗೆ ಐದು ಎಕರೆ ರೊಬಸ್ಟಾ ತೋಟ ನೋಡಿಕೊಳ್ಳುತ್ತಾರೆ. ಈ ಸಲದ ಕಾಫಿ ಮಾರಿ, ಕೊಯ್ಲಿನವರ ಲೆಕ್ಕ ಚುಕ್ತಾ ಮಾಡಿ, ಸೊಸೈಟಿ ಸಾಲ ಕಟ್ಟಿದ ಮೇಲೆ ಅವರ ಕೈಯಲ್ಲಿ 4 ಲಕ್ಷ ರೂಪಾಯಿ ಉಳಿದಿದೆ. "ಅಣ್ಣ, ಷೇರು ಎಂದರೆ ಎದೆ ಡವಡವ ಎನ್ನುತ್ತದೆ. ಬಾಂಡ್ ಎಂದರೆ ಏನೆಂದೇ ಗೊತ್ತಿಲ್ಲ. ಎಲ್ಲವನ್ನೂ ಎಫ್‌ಡಿಯಲ್ಲಿ ಇಟ್ಟುಬಿಡಲೇ?" ಎಂದು ಕೇಳಿದರು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಪ್ರಶ್ನೆಯನ್ನು ನೂರಾರು ಸಲ ಕೇಳಿಸಿಕೊಂಡಿದ್ದೇನೆ. ತಮಾಷೆಯೆಂದರೆ, ಇದೇ ಟೀಚರ್ ಇನ್ನೂ ಹನ್ನೆರಡು ಚೀಲ ಚೆರ್ರಿಯನ್ನು ಮಾರದೆ ಗೋದಾಮಿನಲ್ಲಿ ಇಟ್ಟುಕೊಂಡು ಬೆಲೆ ಏರಲೆಂದು ಕಾಯುತ್ತಿದ್ದಾರೆ. ಬೆಲೆ ಇಳಿದರೆ ನಷ್ಟ ಅವರದೇ, ಆದರೂ ಅದಕ್ಕೆ ಅವರಿಗೆ ಭಯವಿಲ್ಲ. ಕಾಫಿ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಷೇರು, ಬಾಂಡ್‌ಗಳ ವಿಷಯದಲ್ಲಿ ಅವರಿಗೆ ಇಲ್ಲದಿರುವುದು ಆ ತಿಳಿವಳಿಕೆ ಮಾತ್ರ. ಆದ್ದರಿಂದ ಆ ದಿನ ಅಡುಗೆಮನೆಯ ಮೇಜಿನ ಮೇಲೆ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾವಿಬ್ಬರೂ ಹಾಕಿದ ಲೆಕ್ಕವನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನೀವು ಪಾಲುದಾರರೋ, ಸಾಲ ಕೊಟ್ಟವರೋ?

ನಿಮ್ಮ ಪಕ್ಕದ ತೋಟದವರು ಹೊಸ ಕೊಳವೆಬಾವಿ ತೆಗೆಸಿ ಸ್ಪ್ರಿಂಕ್ಲರ್ ಹಾಕಿಸಲು ನಿಮ್ಮಲ್ಲಿ ದುಡ್ಡು ಕೇಳುತ್ತಾರೆ ಎಂದುಕೊಳ್ಳಿ. ಎರಡು ರೀತಿಯಲ್ಲಿ ಕೊಡಬಹುದು. ಒಂದು, ತೋಟದಲ್ಲಿ ಪಾಲು ಪಡೆದು ಕೊಡುವುದು. ಹೂಮಳೆ ಸರಿಯಾದ ಹೊತ್ತಿಗೆ ಬಿದ್ದು ಗಿಡ ತುಂಬಿದರೆ ಫಸಲಿನಲ್ಲಿ ನಿಮಗೂ ಪಾಲು. ಮಳೆ ಕೈಕೊಟ್ಟರೆ ನಿಮಗೂ ಇಲ್ಲ. ಇನ್ನೊಂದು, ಐದು ವರ್ಷಕ್ಕೆ ಶೇಕಡಾ 7ರ ಬಡ್ಡಿಗೆ ಪತ್ರ ಬರೆಸಿಕೊಂಡು ಸಾಲ ಕೊಡುವುದು. ಫಸಲು ಚೆನ್ನಾಗಿ ಬಂದರೂ ನಿಮಗೆ ಸಿಗುವುದು ಆ 7 ಮಾತ್ರ, ಫಸಲು ಕೆಟ್ಟರೂ ಅವರು ಆ 7ನ್ನು ಕೊಡಲೇಬೇಕು. ಮೊದಲನೆಯದು ಷೇರು, ಎರಡನೆಯದು ಬಾಂಡ್.

ಸಾಲಗಾರ ದಿವಾಳಿಯಾದರೆ ಮೊದಲು ಸಾಲ ಕೊಟ್ಟವರಿಗೆ ಪಾವತಿಯಾಗುತ್ತದೆ, ಉಳಿದದ್ದು ಇದ್ದರೆ ಪಾಲುದಾರರಿಗೆ. ಹಾಗಾಗಿ ಬಾಂಡ್ ಸುರಕ್ಷಿತ ಎನ್ನುತ್ತಾರೆ. ಆದರೆ ಹೆದರುವವರು ನೆನಪಿಡಬೇಕಾದ ವ್ಯತ್ಯಾಸ ಬೇರೊಂದಿದೆ: ಬಾಂಡಿಗೆ ತಾರೀಖು ಇದೆ, ಷೇರಿಗೆ ತಾರೀಖು ಇಲ್ಲ. ಬಾಂಡಿನ ಮೇಲೆ ಇಂತಹ ದಿನ ಇಷ್ಟು ರೂಪಾಯಿ ವಾಪಸ್ ಎಂದು ಬರೆದಿರುತ್ತದೆ. ಷೇರಿನ ಮೇಲೆ ಅಂಥದ್ದೇನೂ ಬರೆದಿರುವುದಿಲ್ಲ. ಕಂಪನಿ ಎಲ್ಲಿಗೆ ಹೋಗುತ್ತದೆಯೋ ಷೇರೂ ಅಲ್ಲಿಗೇ ಹೋಗುತ್ತದೆ.

ಇದಕ್ಕೆ ನಮ್ಮ ಕೊಡಗು ಜಿಲ್ಲೆಯಲ್ಲೇ ಉದಾಹರಣೆ ಇದೆ. ಪಾಲಿಬೆಟ್ಟದಲ್ಲಿ ನೋಂದಾಯಿತ ಕಚೇರಿ ಇದ್ದ ಟಾಟಾ ಕಾಫಿಯ ಷೇರುಗಳನ್ನು ಕೊಂಡವರು ಕಾಫಿ ತೋಟದ ಕಂಪನಿಯ ಪಾಲುದಾರರು. 2024ರ ಜನವರಿ 1ರಿಂದ ಆ ಕಂಪನಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಹಳೆಯ 10 ಷೇರುಗಳಿಗೆ ಹೊಸ ಕಂಪನಿಯ 3 ಷೇರುಗಳು ಬಂದವು. ಕಾಫಿ ಕಂಪನಿಯ ಪಾಲುದಾರರಾಗಿದ್ದವರು ಹೀಗೆ ಚಹಾ, ಉಪ್ಪು, ಬೇಳೆ ಮಾರುವ ಕಂಪನಿಯ ಪಾಲುದಾರರಾದರು. ಬಾಂಡ್ ಹಿಡಿದವರ ಬಡ್ಡಿಯೂ ಅವಧಿಯೂ ಪತ್ರದಲ್ಲಿ ಬರೆದಿರುತ್ತವೆ, ಹೀಗೆ ಬದಲಾಗುವುದಿಲ್ಲ.

ಎರಡನೆಯ ಹೆಜ್ಜೆ: ದುಡ್ಡನ್ನು ತಾರೀಖಿನ ಪ್ರಕಾರ ಹಂಚಿ

ಷೇರಿಗೆ ತಾರೀಖಿಲ್ಲ ಎಂದ ಮೇಲೆ, ತಾರೀಖಿರುವ ಖರ್ಚಿನ ದುಡ್ಡನ್ನು ಷೇರಿನಲ್ಲಿ ಇಡಬಾರದು. "ಈ 4 ಲಕ್ಷದಲ್ಲಿ ಯಾವ ದುಡ್ಡು ಯಾವಾಗ ಬೇಕು?" ಎಂದು ಟೀಚರನ್ನು ಕೇಳಿದೆ. ಮಗಳ ಕಾಲೇಜಿಗೆ ಮುಂದಿನ ವರ್ಷ ಜೂನ್‌ನಲ್ಲಿ 1 ಲಕ್ಷ 20 ಸಾವಿರ ಕಟ್ಟಬೇಕು. ಹೂಮಳೆ ತಡವಾದರೆ ಪಂಪಿನ ಡೀಸೆಲ್, ಕಳೆ ತೆಗೆಸುವುದು, ಗೊಬ್ಬರ, ಮನೆಯ ತುರ್ತು ಎಲ್ಲ ಸೇರಿ 80 ಸಾವಿರ ಕೈಗೆಟಕುವಂತಿರಬೇಕು. ಉಳಿದ 2 ಲಕ್ಷಕ್ಕೆ ಸದ್ಯಕ್ಕೆ ಕೆಲಸವಿಲ್ಲ. ಹತ್ತು ವರ್ಷ ಮುಟ್ಟದಿದ್ದರೂ ನಡೆಯುತ್ತದೆ ಎಂದರು.

80 ಸಾವಿರ ಉಳಿತಾಯ ಖಾತೆ ಮತ್ತು ಸಣ್ಣ ಎಫ್‌ಡಿಗೆ ಹೋಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಠೇವಣಿಗೆ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇರುತ್ತದೆ, ಅಷ್ಟು ಸಾಕು.

ಕಾಲೇಜಿನ ಹಣಕ್ಕೆ ಎಫ್‌ಡಿಯೂ ಆಗುತ್ತದೆ. ಆದರೆ ಬಾಂಡ್ ಎಂದರೇನು ಎಂದು ಕೈಯಾರೆ ತಿಳಿಯಲು ಅದೇ ಒಳ್ಳೆಯ ಅವಕಾಶ ಎಂದು ನಾನು ಟ್ರೆಷರಿ ಬಿಲ್ ಸೂಚಿಸಿದೆ. ಇದು ಕೇಂದ್ರ ಸರ್ಕಾರ 91, 182 ಅಥವಾ 364 ದಿನಕ್ಕೆ ಪಡೆಯುವ ಸಾಲ. ಇದರಲ್ಲಿ ಬಡ್ಡಿ ಎಂದು ಬೇರೆ ಬರುವುದಿಲ್ಲ. 100 ರೂಪಾಯಿ ಮುಖಬೆಲೆಯ ಬಿಲ್ಲನ್ನು ಕಡಿಮೆ ಬೆಲೆಗೆ ಕೊಂಡು, ಅವಧಿ ಮುಗಿದ ದಿನ 100 ಪಡೆಯುವುದು. ಉದಾಹರಣೆಗೆ 364 ದಿನದ ಬಿಲ್ 94 ರೂಪಾಯಿಗೆ ಸಿಕ್ಕಿತೆಂದರೆ, 1 ಲಕ್ಷ 20 ಸಾವಿರ ಮುಖಬೆಲೆಗೆ ಈಗ ಕೊಡಬೇಕಾದದ್ದು 1,12,800. ಮೇ ತಿಂಗಳಲ್ಲಿ ಕೊಂಡರೆ ಮುಂದಿನ ಮೇ ತಿಂಗಳಲ್ಲಿ, ಅಂದರೆ ಕಾಲೇಜಿನ ಫೀಸ್ ಕಟ್ಟುವ ಮುಂಚೆಯೇ, 1,20,000 ಖಾತೆಗೆ ಬರುತ್ತದೆ. ನಡುವೆ ಷೇರುಪೇಟೆ ಬಿದ್ದರೂ ಎದ್ದರೂ ಈ ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯ ಹೆಜ್ಜೆ: ಬಾಂಡಿನ ಬೆಲೆಯೂ ಇಳಿಯುತ್ತದೆ, ಏಕೆಂದು ತಿಳಿಯಿರಿ

ಇಲ್ಲಿ ಸ್ವಲ್ಪ ನಿಲ್ಲೋಣ. ಬಾಂಡ್ ಸುರಕ್ಷಿತ ಎಂದು ಕೊಂಡು, ಆರು ತಿಂಗಳ ನಂತರ ಮೊಬೈಲ್‌ನಲ್ಲಿ ಬೆಲೆ ಕಡಿಮೆ ತೋರಿಸಿದಾಗ ಗಾಬರಿಯಾಗಿ ಮಾರಿದವರನ್ನು ನಾನು ನೋಡಿದ್ದೇನೆ.

ನೀವು ಇಂದು 100 ರೂಪಾಯಿ ಕೊಟ್ಟು ಶೇಕಡಾ 7 ಬಡ್ಡಿಯ, ಹತ್ತು ವರ್ಷದ ಸರ್ಕಾರಿ ಬಾಂಡ್ ಕೊಂಡಿರಿ. ನಾಳೆ ಬಡ್ಡಿದರ ಏರಿ, ಹೊಸದಾಗಿ ಬರುವ ಹತ್ತು ವರ್ಷದ ಬಾಂಡುಗಳು ಶೇಕಡಾ 8 ಕೊಡಲು ಶುರುಮಾಡಿದವು. ಈಗ ನಿಮ್ಮ 7ರ ಬಾಂಡನ್ನು ಮಾರಲು ಹೋದರೆ ಯಾರು 100 ಕೊಡುತ್ತಾರೆ? ಅದೇ 100ಕ್ಕೆ ಅವರಿಗೆ 8 ಸಿಗುವಾಗ ನಿಮ್ಮದಕ್ಕೆ ಕಡಿಮೆಯೇ ಕೊಡುತ್ತಾರೆ. ವರ್ಷಕ್ಕೊಮ್ಮೆ ಬಡ್ಡಿ ಎಂದು ಸರಳವಾಗಿ ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 93 ರೂಪಾಯಿ 30 ಪೈಸೆ. ಬಡ್ಡಿದರ ಏರದೆ 6ಕ್ಕೆ ಇಳಿದಿದ್ದರೆ ಅದೇ ಬಾಂಡಿಗೆ 107 ರೂಪಾಯಿಗಿಂತ ಹೆಚ್ಚು ಸಿಗುತ್ತಿತ್ತು. ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ, ಬಡ್ಡಿ ಇಳಿದರೆ ಬೆಲೆ ಏರುತ್ತದೆ.

ಅವಧಿ ಉದ್ದವಾದಷ್ಟೂ ಈ ಪೆಟ್ಟು ಜೋರು. ದರ 7ರಿಂದ 8ಕ್ಕೆ ಏರಿದರೆ ಐದು ವರ್ಷದ ಬಾಂಡ್ ಸುಮಾರು 96ಕ್ಕೆ ಇಳಿಯುತ್ತದೆ. ಮೂವತ್ತು ವರ್ಷದ್ದು ಸುಮಾರು 88 ರೂಪಾಯಿ 75 ಪೈಸೆಗೆ ಬೀಳುತ್ತದೆ. ಟೀಚರ್ ಮೊದಲು ಮೂವತ್ತು ವರ್ಷದ್ದೇ ಕೊಳ್ಳುತ್ತೇನೆ, ಬಡ್ಡಿ ತುಸು ಹೆಚ್ಚಿದೆಯಲ್ಲ ಎಂದಿದ್ದರು. ಈ ಲೆಕ್ಕ ನೋಡಿ ಸುಮ್ಮನಾದರು.

ಆದರೆ ಈ ನಷ್ಟ ನಡುವೆ ಮಾರುವವರಿಗೆ ಮಾತ್ರ. ತಾರೀಖಿನವರೆಗೆ ಇಟ್ಟುಕೊಂಡರೆ 96 ತೋರಿಸುತ್ತಿದ್ದ ಬಾಂಡ್ ವರ್ಷ ಕಳೆದಂತೆ ಮೇಲೇರುತ್ತಾ ಕೊನೆಯ ದಿನ 100 ಆಗಿಯೇ ತೀರುತ್ತದೆ, ಏಕೆಂದರೆ ಆ ದಿನ ಸರ್ಕಾರ 100 ಕೊಡುತ್ತದೆ. ಬಿದ್ದ ಷೇರು ಯಾವ ದಿನ ಎದ್ದೀತು ಎಂದು ಹಾಗೆ ಯಾರೂ ಬರೆದುಕೊಡುವುದಿಲ್ಲ.

ಹಾಗಾದರೆ ಎಲ್ಲವನ್ನೂ ಬಾಂಡಿನಲ್ಲೇ ಇಡಬಹುದಲ್ಲ? ಕೊಯ್ಲಿನ ಕೂಲಿ ಹತ್ತು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ನಿಮ್ಮ ತೋಟದ ಪುಸ್ತಕ ತೆರೆದು ನೋಡಿ. ಬಾಂಡಿನ 7 ರೂಪಾಯಿ ಹತ್ತು ವರ್ಷವೂ 7 ರೂಪಾಯಿಯೇ. ಬೆಲೆಗಳು ವರ್ಷಕ್ಕೆ ಶೇಕಡಾ 6 ಏರಿದರೆ, ಹತ್ತು ವರ್ಷದ ನಂತರ ಕೈಗೆ ಬರುವ 100ಕ್ಕೆ ಇಂದಿನ 56 ರೂಪಾಯಿಯಷ್ಟೇ ಬೆಲೆ. ಕಂಪನಿಗಳಾದರೋ ತಾವು ಮಾರುವ ಸಾಮಾನಿನ ದರ ಏರಿಸಬಲ್ಲವು, ಹೊಸ ಕಾರ್ಖಾನೆ ಕಟ್ಟಬಲ್ಲವು. ದೂರದ ದುಡ್ಡಿನಲ್ಲಿ ಒಂದು ಪಾಲು ಷೇರಿನಲ್ಲಿ ಇರಬೇಕೆನ್ನುವುದು ಇದಕ್ಕೆ.

ನಾಲ್ಕನೆಯ ಹೆಜ್ಜೆ: ನಿಮ್ಮ ಭಯಕ್ಕೆ ಒಂದು ಅಂಕಿ ಕೊಡಿ

ಎಷ್ಟು ಪಾಲು? "ನಿಮ್ಮ ವಯಸ್ಸನ್ನು ನೂರರಿಂದ ಕಳೆಯಿರಿ, ಉಳಿದಷ್ಟು ಶೇಕಡಾ ಷೇರಿಗೆ" ಎಂಬಂಥ ಸೂತ್ರಗಳ ಮೇಲೆ ನನಗೆ ನಂಬಿಕೆಯಿಲ್ಲ. ಒಂದೇ ವಯಸ್ಸಿನ ಇಬ್ಬರಿಗೆ ಒಂದೇ ಧೈರ್ಯ ಇರುವುದಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ರೂಪಾಯಿ ಕಡಿಮೆಯಾಗಿ ಕಂಡರೆ ನಿಮಗೆ ರಾತ್ರಿ ನಿದ್ದೆ ಬರುವುದಿಲ್ಲ? ಶೇಕಡಾವಾರು ಬೇಡ, ರೂಪಾಯಿಯಲ್ಲಿ ಹೇಳಿ.

ಟೀಚರ್ ಯೋಚಿಸಿ, "50 ಸಾವಿರ. ಅದಕ್ಕಿಂತ ಹೆಚ್ಚಾದರೆ ಮನೆಯಲ್ಲಿ ಬಾಯಿಬಿಡಲೂ ಆಗುವುದಿಲ್ಲ" ಎಂದರು.

ಈಗ ಷೇರುಪೇಟೆ ಎಷ್ಟು ಬೀಳಬಲ್ಲದು ಎಂದು ನೋಡೋಣ. ದೇಶದ ದೊಡ್ಡ 50 ಕಂಪನಿಗಳ ಷೇರು ಬೆಲೆಯನ್ನು ಒಟ್ಟಾಗಿ ಅಳೆಯುವ ನಿಫ್ಟಿ ಸೂಚ್ಯಂಕ 2020ರ ಜನವರಿ ಮಧ್ಯದಲ್ಲಿ 12,362ರಲ್ಲಿತ್ತು. ಮಾರ್ಚ್ 23ರಂದು 7,610ಕ್ಕೆ ಮುಗಿಯಿತು. ಎರಡೂವರೆ ತಿಂಗಳೊಳಗೆ ಶೇಕಡಾ 38ರ ಕುಸಿತ. ಆ ಕೊನೆಯ ದಿನವೊಂದರಲ್ಲೇ ಶೇಕಡಾ 13 ಹೋಯಿತು. ಹಿಂದಿನ ದಿನ ಜನತಾ ಕರ್ಫ್ಯೂ, ಪೇಟೆಯೆಲ್ಲ ಸ್ತಬ್ಧ. ಸೋಮವಾರ ಬೆಳಿಗ್ಗೆ ನಾನು ಟಿವಿ ಮುಂದೆ ಕೂತಿದ್ದೆ. ವಹಿವಾಟನ್ನು ನಡುವೆ ನಿಲ್ಲಿಸಿ ಮತ್ತೆ ಆರಂಭಿಸಿದರು, ಆಮೇಲೂ ಬಿತ್ತು. ಇಷ್ಟು ವರ್ಷ ಬ್ಯಾಂಕಿನಲ್ಲಿದ್ದ ನನಗೂ ಆ ದಿನ ಎಲ್ಲವನ್ನೂ ಮಾರಿಬಿಡಬೇಕು ಎನ್ನಿಸಿತ್ತು. ಮಾರಲಿಲ್ಲ. ಅದು ನನ್ನ ಜಾಣತನವೇನಲ್ಲ, ಆ ದುಡ್ಡು ತಕ್ಷಣಕ್ಕೆ ಬೇಕಿರಲಿಲ್ಲ ಅಷ್ಟೇ. ಅದೇ ವರ್ಷ ನವೆಂಬರಿನಲ್ಲಿ ನಿಫ್ಟಿ ಹಳೆಯ ಎತ್ತರವನ್ನು ದಾಟಿತು.

ಪ್ರತಿ ಸಲವೂ ಹಾಗೆ ಬೇಗ ಏಳುವುದಿಲ್ಲ. 2008ರ ಜನವರಿಯಲ್ಲಿ 21,000ದ ಹತ್ತಿರವಿದ್ದ, ಅಂಥದ್ದೇ ಇನ್ನೊಂದು ಸೂಚ್ಯಂಕವಾದ ಸೆನ್ಸೆಕ್ಸ್ 2009ರ ಮಾರ್ಚ್‌ನಲ್ಲಿ 8,200ರ ಆಸುಪಾಸಿಗೆ ಬಂದಿತ್ತು. ಅಂದರೆ ಶೇಕಡಾ 60ರ ಕುಸಿತ. 2010ರ ಕೊನೆಯಲ್ಲಿ ಹಳೆಯ ಮಟ್ಟವನ್ನು ಒಮ್ಮೆ ಮುಟ್ಟಿ ಹಿಂದೆ ಸರಿಯಿತು. ಅದನ್ನು ದಾಟಿ ಮುಂದೆ ಹೋಗಲು 2013ರ ಕೊನೆಯವರೆಗೆ ಕಾಯಬೇಕಾಯಿತು. ಐದು ವರ್ಷದೊಳಗೆ ಬೇಕಾಗುವ ದುಡ್ಡನ್ನು ಷೇರಿನಿಂದ ದೂರ ಇಡಿ ಎನ್ನುವುದು ಇದನ್ನು ನೋಡಿಯೇ.

ಆದ್ದರಿಂದ ಲೆಕ್ಕಕ್ಕೆ, ಷೇರಿಗೆ ಹಾಕಿದ್ದರಲ್ಲಿ ಅರ್ಧ ಹೋಗಬಹುದು ಎಂದು ಹಿಡಿಯೋಣ. ಟೀಚರ್ ತಾಳಬಲ್ಲ ನಷ್ಟ 50 ಸಾವಿರ, ಅದು ಅರ್ಧವಾದರೆ ಪೂರ್ತಿ 1 ಲಕ್ಷ. ಅಂದರೆ ಅವರ 2 ಲಕ್ಷದಲ್ಲಿ 1 ಲಕ್ಷ ಷೇರಿಗೆ, 1 ಲಕ್ಷ ಬಾಂಡಿಗೆ. 2020ರಂಥದ್ದು ಬಂದರೆ ಅವರಿಗೆ 38 ಸಾವಿರ ಕಡಿಮೆ ಕಾಣುತ್ತದೆ. 2008ರಂಥದ್ದು ಬಂದರೆ 60 ಸಾವಿರ, ಅವರ ಗಡಿ ತುಸು ದಾಟುತ್ತದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿದೆ.

ಐದನೆಯ ಹೆಜ್ಜೆ: ಷೇರಿನ ಪಾಲನ್ನು ಕೊಳ್ಳುವುದು

ಮೊದಲ ಬಾರಿಗೆ ಹೂಡುವವರು ಬಿಡಿ ಕಂಪನಿಯ ಷೇರು ಕೊಳ್ಳಬೇಡಿ. ಯಾರೋ ಹೇಳಿದರೆಂದು ಒಂದು ಕಂಪನಿಯ ಷೇರು ಕೊಂಡು ಮೂರು ವರ್ಷದಲ್ಲಿ ಮುಕ್ಕಾಲು ಪಾಲು ಕಳೆದುಕೊಂಡವರಲ್ಲಿ ನಾನೂ ಒಬ್ಬ. ಅದು ಇನ್ನೂ ಮೇಲೆ ಬಂದಿಲ್ಲ. ಒಂದು ಕಂಪನಿ ಮುಳುಗಿ ಹೋಗಬಹುದು, ದೇಶದ ದೊಡ್ಡ 50 ಕಂಪನಿಗಳು ಒಟ್ಟಿಗೆ ಮುಳುಗುವುದು ಬೇರೆಯದೇ ಮಾತು. ನಿಫ್ಟಿ 50 ಇಂಡೆಕ್ಸ್ ಫಂಡ್ ಎಂದರೆ ಆ 50 ಕಂಪನಿಗಳ ಷೇರನ್ನು ಸೂಚ್ಯಂಕದಲ್ಲಿರುವ ಪ್ರಮಾಣದಲ್ಲೇ ಕೊಂಡಿಡುವ ಮ್ಯೂಚುವಲ್ ಫಂಡ್. ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಪರಿಶೀಲಿಸುತ್ತಾರೆ, ಸೊರಗಿದ ಕಂಪನಿ ಹೊರಗೆ ಹೋಗಿ ಬೆಳೆದದ್ದು ಒಳಗೆ ಬರುತ್ತದೆ.

ಕಾಫಿ ಬೆಳೆಗಾರರಿಗೆ ಇನ್ನೊಂದು ಮಾತು. ನಮಗೆ ಗೊತ್ತಿರುವ ವ್ಯವಹಾರ ಎಂದು ಕಾಫಿ ಕಂಪನಿಗಳ ಷೇರನ್ನೇ ಹುಡುಕಬೇಡಿ. ಕಾಂಡಕೊರಕ, ಅಕಾಲಿಕ ಮಳೆ, ವಿಯೆಟ್ನಾಂ ಅಥವಾ ಬ್ರೆಜಿಲ್‌ನ ಫಸಲು, ಇವುಗಳ ಪೆಟ್ಟನ್ನು ನಿಮ್ಮ ತೋಟ ಆಗಲೇ ತಿನ್ನುತ್ತಿದೆ. ಅದೇ ಪೆಟ್ಟನ್ನು ಷೇರಿನಲ್ಲೂ ಏಕೆ ತಿನ್ನಬೇಕು?

ಕೊಳ್ಳುವುದು ಸುಲಭ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಇದ್ದರೆ ಫಂಡ್ ಕಂಪನಿಯ ಜಾಲತಾಣದಲ್ಲೇ ಕೆವೈಸಿ ಮುಗಿಯುತ್ತದೆ. ಒಂದೇ ಕಂಪನಿಯ ಒಂದೇ ಫಂಡಿಗೆ 'ಡೈರೆಕ್ಟ್' ಮತ್ತು 'ರೆಗ್ಯುಲರ್' ಎಂದು ಎರಡು ರೂಪ ಇರುತ್ತವೆ. ರೆಗ್ಯುಲರ್‌ನಲ್ಲಿ ಮಧ್ಯವರ್ತಿಯ ಕಮಿಷನ್ ವರ್ಷ ವರ್ಷವೂ ನಿಮ್ಮ ದುಡ್ಡಿನಿಂದಲೇ ಹೋಗುತ್ತದೆ, ಆದ್ದರಿಂದ ಡೈರೆಕ್ಟ್ ಆರಿಸಿ. ಅದರಲ್ಲೂ 'ಗ್ರೋತ್' ಆರಿಸಿದರೆ ಲಾಭ ಒಳಗೇ ಬೆಳೆಯುತ್ತದೆ. ಟೀಚರ್ 1 ಲಕ್ಷವನ್ನು ಒಟ್ಟಿಗೆ ಹಾಕದೆ, ತಿಂಗಳಿಗೆ 10 ಸಾವಿರದಂತೆ ಹತ್ತು ಕಂತಿನ ಎಸ್‌ಐಪಿ ಹಾಕಿದರು. ಲೆಕ್ಕದ ಪ್ರಕಾರ ಒಟ್ಟಿಗೆ ಹಾಕುವುದೇ ಹೆಚ್ಚು ಸಲ ಲಾಭ ಎನ್ನುವವರಿದ್ದಾರೆ. ಇರಬಹುದು. ಆದರೆ ಹೆದರುವವರು ಹಾಕಿದ ಮರುವಾರವೇ ಪೇಟೆ ಬಿದ್ದರೆ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ, ಅದಕ್ಕಾಗಿ ಕಂತು.

ಆರನೆಯ ಹೆಜ್ಜೆ: ಬಾಂಡಿನ ಪಾಲನ್ನು ಕೊಳ್ಳುವುದು

ಸರ್ಕಾರಿ ಬಾಂಡ್ ಕೊಳ್ಳಲು ಈಗ ಯಾವ ಏಜೆಂಟನೂ ಬೇಕಿಲ್ಲ. ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರಂದು ರಿಟೇಲ್ ಡೈರೆಕ್ಟ್ ಯೋಜನೆ ಆರಂಭಿಸಿತು. rbiretaildirect.org.in ಎಂಬ ತಾಣದಲ್ಲಿ ಖಾತೆ ತೆರೆಯಬೇಕು. ಶುಲ್ಕವಿಲ್ಲ. ಪ್ಯಾನ್, ಉಳಿತಾಯ ಖಾತೆ, ಮೊಬೈಲ್ ಸಂಖ್ಯೆ, ಇಮೇಲ್ ಬೇಕು. ನಾಮಿನಿಯ ಹೆಸರನ್ನು ಆಗಲೇ ಹಾಕಿಬಿಡಿ. ಹೆಸರಿನ ಕಾಗುಣಿತ ಪ್ಯಾನ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಕಡೆ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದೇ ಹೆಚ್ಚು. ಮೊದಲು ಅದನ್ನು ಸರಿಮಾಡಿಸಿ.

ಟ್ರೆಷರಿ ಬಿಲ್ಲುಗಳ ಹರಾಜು ಸಾಮಾನ್ಯವಾಗಿ ಬುಧವಾರ, ದೀರ್ಘಾವಧಿಯ ಬಾಂಡುಗಳದ್ದು ಶುಕ್ರವಾರ. ಕನಿಷ್ಠ 10 ಸಾವಿರ ರೂಪಾಯಿ ಮುಖಬೆಲೆ. ನೀವು ದರ ಕೂಗಬೇಕಿಲ್ಲ, ಎಷ್ಟು ಬೇಕೆಂದು ಮಾತ್ರ ನಮೂದಿಸಿ ಹಣ ಕಟ್ಟಬೇಕು. ದೊಡ್ಡ ಬ್ಯಾಂಕುಗಳು ಸ್ಪರ್ಧಿಸಿ ನಿಗದಿಯಾದ ಸರಾಸರಿ ದರ ನಿಮಗೂ ಸಿಗುತ್ತದೆ. ಟೀಚರ್ ತಮ್ಮ 1 ಲಕ್ಷಕ್ಕೆ ಐದು ವರ್ಷದ ಆಸುಪಾಸಿನ ಬಾಂಡ್ ಹರಾಜಿಗೆ ಬಂದಾಗ ಹಾಕುವುದೆಂದು ತೀರ್ಮಾನಿಸಿದರು. ಶೇಕಡಾ 7 ಬಡ್ಡಿ ಎಂದುಕೊಂಡರೆ ಆರು ತಿಂಗಳಿಗೊಮ್ಮೆ 3,500 ರೂಪಾಯಿ ಖಾತೆಗೆ ಬರುತ್ತದೆ.

ಮಿತಿಯೂ ಇದೆ. ನಡುವೆ ಮಾರಬೇಕೆಂದರೆ ಅದೇ ತಾಣದಲ್ಲಿ ಮಾರಬಹುದು, ಆದರೆ ಸಣ್ಣ ಮೊತ್ತಕ್ಕೆ ಕೊಳ್ಳುವವರು ತಕ್ಷಣ ಸಿಗದೆ ಇರಬಹುದು, ಸಿಕ್ಕರೂ ಕಡಿಮೆ ಬೆಲೆ ಕೊಡಬಹುದು. ತುರ್ತಿನ 80 ಸಾವಿರ ಇಲ್ಲಿಗೆ ಬರದೆ ಬ್ಯಾಂಕಿನಲ್ಲೇ ಉಳಿದದ್ದು ಅದಕ್ಕೇ.

"ಶೇಕಡಾ 11 ಬಡ್ಡಿಯ ಬಾಂಡ್" ಎಂಬ ಜಾಹೀರಾತುಗಳನ್ನು ಟೀಚರ್ ತೋರಿಸಿದರು. ಅವು ಖಾಸಗಿ ಕಂಪನಿಗಳ ಬಾಂಡುಗಳು. ಸರ್ಕಾರ 7ಕ್ಕೆ ಸಾಲ ಪಡೆಯುವಾಗ ಒಬ್ಬರು 11 ಕೊಡುತ್ತೇವೆ ಎಂದರೆ, ಆ ಹೆಚ್ಚುವರಿ 4 ಅವರು ಮರಳಿಸದೆ ಹೋಗುವ ಸಾಧ್ಯತೆಯ ಬೆಲೆ. ಸಾಲ ತೀರಿಸುವ ಶಕ್ತಿಗೆ ಕೊಡುವ ರೇಟಿಂಗ್ ಚೆನ್ನಾಗಿದೆ ಎನ್ನುವುದೂ ಸಾಲದು. ಐಎಲ್‌ಆಂಡ್‌ಎಫ್‌ಎಸ್ ಎಂಬ ಹಣಕಾಸು ಸಂಸ್ಥೆಗೆ 2018ರಲ್ಲಿ ಅತ್ಯುತ್ತಮವಾದ ಎಎಎ ರೇಟಿಂಗ್ ಇತ್ತು. ಕೆಲವೇ ವಾರಗಳಲ್ಲಿ ಅದು ಸಾಲ ತೀರಿಸಲಾಗದವರ 'ಡಿ' ದರ್ಜೆಗೆ ಬಿತ್ತು. ಹೆದರಿಕೆ ಕಡಿಮೆ ಮಾಡಿಕೊಳ್ಳಲೆಂದು ಬಾಂಡಿಗೆ ಹೋದವರು ಅಲ್ಲಿಯೇ ಷೇರಿನಷ್ಟು ಅಪಾಯ ತಲೆಗೆ ಕಟ್ಟಿಕೊಳ್ಳುವುದು ನನಗೆ ಅರ್ಥವಾಗದ ವ್ಯಾಪಾರ.

ತೆರಿಗೆಯ ವಿಷಯ ಚಿಕ್ಕದಾಗಿ. ಕಾಫಿಯನ್ನು ಸಂಸ್ಕರಿಸದೆ ಮಾರಿದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ಬಾಂಡಿನ ಬಡ್ಡಿಗೂ ಇಲ್ಲ ಎಂದುಕೊಳ್ಳಬೇಡಿ. ಬಡ್ಡಿ ನಿಮ್ಮ ಸಂಬಳದ ಜೊತೆ ಸೇರಿ ನಿಮ್ಮ ಹಂತದ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಷೇರು ಫಂಡನ್ನು ಒಂದು ವರ್ಷಕ್ಕಿಂತ ಹೆಚ್ಚು ಇಟ್ಟು ಮಾರಿದರೆ, ವರ್ಷದಲ್ಲಿ 1 ಲಕ್ಷ 25 ಸಾವಿರದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇಕಡಾ 12.5. 2024ರ ಜುಲೈನಿಂದ ಬಂದ ನಿಯಮ ಇದು.

ಏಳನೆಯ ಹೆಜ್ಜೆ: ವರ್ಷಕ್ಕೊಮ್ಮೆ ತಕ್ಕಡಿ ನೋಡುವುದು

ದಿನವೂ ಬೆಲೆ ನೋಡಬೇಡಿ. ಕಾಫಿ ಮಾರಿ ಲೆಕ್ಕ ಮುಗಿಸಿದ ಮೇಲೆ, ಏಪ್ರಿಲ್‌ನಲ್ಲಿ ಒಂದು ಸಲ ಕುಳಿತು ಎರಡೂ ಪಾಲು ಎಷ್ಟಾಗಿವೆ ಎಂದು ಬರೆಯಿರಿ. ಪೇಟೆ ಬಿದ್ದು, ಷೇರಿಗೆ ಹಾಕಿದ್ದ 1 ಲಕ್ಷ ಈಗ 62 ಸಾವಿರಕ್ಕೆ ಇಳಿದಿದೆ, ಬಾಂಡ್ 1 ಲಕ್ಷದಲ್ಲೇ ಇದೆ ಎಂದುಕೊಳ್ಳಿ. ಒಟ್ಟು 1,62,000. ಅರ್ಧರ್ಧ ಎಂದರೆ ತಲಾ 81 ಸಾವಿರ. ಆಗ ಮಾಡಬೇಕಾದದ್ದು ಬಾಂಡಿನಿಂದ 19 ಸಾವಿರ ತೆಗೆದು ಷೇರಿಗೆ ಸೇರಿಸುವುದು, ಅದೂ ಎಲ್ಲರೂ ಮಾರುತ್ತಿರುವಾಗ. ಬಾಂಡನ್ನು ಮುರಿಯುವ ಬದಲು ಆ ವರ್ಷದ ಬಾಂಡ್ ಬಡ್ಡಿ 7 ಸಾವಿರ ಮತ್ತು ಹೊಸ ಫಸಲಿನ ಉಳಿತಾಯವನ್ನು ಷೇರಿನ ಕಡೆಗೆ ಹಾಕಿದರೆ ಕೆಲಸ ನಡೆಯುತ್ತದೆ. ಹೊಸ ದುಡ್ಡು ಸೇರಿದಾಗ ಒಟ್ಟು ಮೊತ್ತವೂ ಬೆಳೆಯುವುದರಿಂದ 19ರ ಬದಲು ಒಟ್ಟು 38 ಸಾವಿರ ಹಾಕಿದಾಗ ತಕ್ಕಡಿ ಸಮವಾಗುತ್ತದೆ. ಒಂದೇ ವರ್ಷದಲ್ಲಿ ಆಗದಿದ್ದರೆ ಎರಡು ವರ್ಷದಲ್ಲಿ ಮಾಡಬಹುದು. ಷೇರು ಏರಿ ಒಂದೂವರೆ ಲಕ್ಷವಾಗಿದ್ದರೆ ಇದೇ ಲೆಕ್ಕ ತಿರುಗಿಸಿ, ಹೊಸ ದುಡ್ಡೆಲ್ಲ ಬಾಂಡಿಗೆ.

ಟೀಚರ್ ಆ ಕ್ಯಾಲೆಂಡರಿನ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅದರ ಕೆಳಗೆ ತಮ್ಮ ಕೈಯಾರೆ ಒಂದು ಸಾಲು ಬರೆದುಕೊಂಡಿದ್ದರು: "38 ಸಾವಿರ ಕಡಿಮೆ ತೋರಿಸಿದರೆ ಇದು ಮೊದಲೇ ಗೊತ್ತಿದ್ದದ್ದು. ಮಾರುವ ಮುಂಚೆ ಅಣ್ಣನಿಗೆ ಫೋನ್ ಮಾಡುವುದು." ಗೋದಾಮಿನ ಹನ್ನೆರಡು ಚೀಲವನ್ನು ಮಾತ್ರ ಇನ್ನೂ ಮಾರಿಲ್ಲ.